ಮಾರಾಟದ ಚಿತ್ರ ಎಲ್ಲರಿಗೂ ತಲುಪಲು: ಒಂದು ಸೀರೆ ಅಂಗಡಿಯ ಬ್ಯಾನರನ್ನು ತಿದ್ದುವ ಕ್ರಮ

ಇಳಕಲ್ ಸೀರೆಗಳನ್ನು ಆನ್‌ಲೈನಿನಲ್ಲಿ ಮಾರುವ ಒಂದು ಸಣ್ಣ ಅಂಗಡಿಯ ವೆಬ್‌ಸೈಟನ್ನು ನಾನು ನೋಡಿಕೊಳ್ಳುತ್ತೇನೆ. ದಸರಾ ರಿಯಾಯಿತಿಗೆಂದು ಅಲ್ಲಿ ಒಂದು ಬ್ಯಾನರ್ ತಯಾರಾಗಿತ್ತು. ಹಸಿರು ಒಡಲಿನ ಸೀರೆಯ ಫೋಟೊ, ಅದರ ಮೇಲೆ ಅಡ್ಡಲಾಗಿ ಕೆಂಪು ಅಕ್ಷರಗಳಲ್ಲಿ ‘ಶೇ 20 ರಿಯಾಯಿತಿ’, ಕೆಳಗೆ ಸಣ್ಣ ಅಕ್ಷರದಲ್ಲಿ ಕೊನೆಯ ದಿನಾಂಕ ಮತ್ತು ಷರತ್ತು. ಕಂಪ್ಯೂಟರಿನ ದೊಡ್ಡ ಪರದೆಯಲ್ಲಿ ಅದು ನಮಗೆಲ್ಲ ಚೆನ್ನಾಗಿಯೇ ಕಂಡಿತ್ತು. ದೃಷ್ಟಿಯಿಲ್ಲದ ಒಬ್ಬ ಗ್ರಾಹಕಿ ಫೋನ್ ಮಾಡಿ, “ನಿಮ್ಮ ಪುಟ ತೆರೆದರೆ ನನ್ನ ಮೊಬೈಲು ಬರೀ ಒಂದಷ್ಟು ಅಂಕಿ ಓದ್ತದರೀ, ರಿಯಾಯಿತಿ ಐತೋ ಇಲ್ಲೋ?” ಎಂದು ಕೇಳಿದ ದಿನ ಆ ಬ್ಯಾನರನ್ನು ಮತ್ತೆ ಬಿಚ್ಚಿ ನೋಡಬೇಕಾಯಿತು. ಪರದೆಯಲ್ಲಿರುವುದನ್ನು ದನಿಯಲ್ಲಿ ಓದಿ ಹೇಳುವ ಅವರ ಸ್ಕ್ರೀನ್ ರೀಡರ್ ತಂತ್ರಾಂಶ ಓದುತ್ತಿದ್ದುದು ಚಿತ್ರದ ಫೈಲಿನ ಹೆಸರನ್ನು. ಕ್ಯಾಮೆರಾ ಕೊಟ್ಟ ದಿನಾಂಕ ಮತ್ತು ಸಮಯದ ಅಂಕಿಗಳನ್ನು ಬಿಟ್ಟರೆ ಅದರಲ್ಲಿ ಬೇರೇನೂ ಇರಲಿಲ್ಲ.

ಆ ಒಂದು ಬ್ಯಾನರನ್ನೂ ಅದರ ಜೊತೆಗಿನ ಸೀರೆಯ ಚಿತ್ರಗಳನ್ನೂ ಸರಿಪಡಿಸಿದ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ. ಸೀರೆಯ ಬದಲು ಉಪ್ಪಿನಕಾಯಿ ಅಥವಾ ಪುಸ್ತಕ ಮಾರುವವರೂ ಇದೇ ಕ್ರಮವನ್ನು ಅನುಸರಿಸಬಹುದು.

## ಮೊದಲು: ಚಿತ್ರದ ಒಳಗಿರುವ ಬರಹವನ್ನು ಹೊರಗೆ ತನ್ನಿ

ಬಣ್ಣ ಅಳೆಯುವುದಕ್ಕೂ ಮೊದಲು, ಚಿತ್ರದಲ್ಲಿ ಅಚ್ಚಾಗಿರುವ ಬರಹವನ್ನು ಒಂದು ಕಾಗದದ ಮೇಲೆ ಬರೆದುಕೊಳ್ಳಿ. ನಮ್ಮ ಬ್ಯಾನರಿನಲ್ಲಿ ರಿಯಾಯಿತಿಯ ಪ್ರಮಾಣ, ಯಾವ ಸೀರೆಗಳಿಗೆ ಅದು ಅನ್ವಯಿಸುತ್ತದೆ, ಕೊನೆಯ ದಿನ, ಕೂಪನ್ ಕೋಡ್, ‘ಹಿಂದಿರುಗಿಸಲು ಅವಕಾಶವಿಲ್ಲ’ ಎಂಬ ಷರತ್ತು, ಹೀಗೆ ಐದು ಮಾತುಗಳಿದ್ದವು. ಚಿತ್ರದಲ್ಲಿ ಅಚ್ಚಾದ ಅಕ್ಷರವು ಕಂಪ್ಯೂಟರಿಗೆ ಅಕ್ಷರವೇ ಅಲ್ಲ, ಬಣ್ಣದ ಚುಕ್ಕೆಗಳ ಗುಂಪು. ಅದನ್ನು ಸ್ಕ್ರೀನ್ ರೀಡರ್ ಸರಿಯಾಗಿ ಓದುತ್ತದೆಂಬ ಭರವಸೆಯಿಲ್ಲ, ಮೊಬೈಲಿನ ಸೆಟ್ಟಿಂಗಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡವರಿಗೆ ಅದು ದೊಡ್ಡದಾಗುವುದಿಲ್ಲ, ಕೂಪನ್ ಕೋಡನ್ನು ನಕಲು ಮಾಡಿಕೊಳ್ಳುವುದೂ ಸುಲಭವಲ್ಲ.

ಆದ್ದರಿಂದ ನಾವು ‘ದಸರಾ ರಿಯಾಯಿತಿ, ಶೇ 20’ ಎಂಬ ಒಂದೇ ಸಾಲನ್ನು ಚಿತ್ರದಲ್ಲಿ ಉಳಿಸಿಕೊಂಡು, ಉಳಿದುದನ್ನೆಲ್ಲ ಪುಟದ ನಿಜವಾದ ಪಠ್ಯವಾಗಿ ಚಿತ್ರದ ಕೆಳಕ್ಕೆ ತಂದೆವು. ಆ ಒಂದು ಸಾಲನ್ನೂ ಪಠ್ಯವಾಗಿಯೇ ಚಿತ್ರದ ಮೇಲೆ ಕೂರಿಸಲು ನಿಮ್ಮ ಅಂಗಡಿಯ ಥೀಮಿನಲ್ಲಿ ಅವಕಾಶವಿದ್ದರೆ ಹಾಗೆಯೇ ಮಾಡಿ, ಅದೇ ಉತ್ತಮ. ಆದರೆ ಒಂದೇ ಪೋಸ್ಟರನ್ನು ವಾಟ್ಸಾಪಿಗೂ ಇನ್‌ಸ್ಟಾಗ್ರಾಮಿಗೂ ಕಳಿಸುವ ಅಂಗಡಿಗಳಿಗೆ ಚಿತ್ರದಲ್ಲಿ ಒಂದು ಸಾಲಾದರೂ ಬೇಕಾಗುತ್ತದೆ. ಅಂಥ ಸಾಲನ್ನು ಎಚ್ಚರಿಕೆಯಿಂದ ಅಳೆದು ಹಾಕಬೇಕು.

## ಬಣ್ಣಗಳ ಅಂತರವನ್ನು ಕಣ್ಣಳತೆಯಲ್ಲಿ ಬಿಡಬೇಡಿ

ಅಕ್ಷರದ ಬಣ್ಣಕ್ಕೂ ಅದರ ಹಿನ್ನೆಲೆಯ ಬಣ್ಣಕ್ಕೂ ಇರುವ ಬೆಳಕಿನ ಅಂತರವನ್ನು ಕಾಂಟ್ರಾಸ್ಟ್ ಎನ್ನುತ್ತೇವೆ. ಅದನ್ನು ಒಂದು ಅನುಪಾತವಾಗಿ ಹೇಳುವುದು ರೂಢಿ. ಬಿಳಿಯ ಮೇಲೆ ಅಚ್ಚ ಕಪ್ಪು ಇದ್ದರೆ 21:1, ಎರಡೂ ಒಂದೇ ಬಣ್ಣವಾದರೆ 1:1. ಜಾಲತಾಣಗಳಿಗೆಂದು ಇರುವ ಡಬ್ಲ್ಯೂಸಿಎಜಿ ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿಯ ಎಎ ಹಂತವು ಸಾಮಾನ್ಯ ಗಾತ್ರದ ಅಕ್ಷರಕ್ಕೆ ಕನಿಷ್ಠ 4.5:1, ದೊಡ್ಡ ಅಕ್ಷರಕ್ಕೆ ಕನಿಷ್ಠ 3:1 ಇರಬೇಕೆಂದು ಹೇಳುತ್ತದೆ. ಇಲ್ಲಿ ದೊಡ್ಡದು ಎಂದರೆ 24 ಪಿಕ್ಸೆಲ್ ಅಥವಾ ಅದಕ್ಕಿಂತ ಹೆಚ್ಚು. ದಪ್ಪ ಅಕ್ಷರವಾದರೆ ಸುಮಾರು 19 ಪಿಕ್ಸೆಲ್ ಸಾಕು.

ಅಳೆಯಲು ಕಲರ್ ಕಾಂಟ್ರಾಸ್ಟ್ ಅನಲೈಸರ್ ಎಂಬ ಉಚಿತ ತಂತ್ರಾಂಶವಿದೆ. ಅದರಲ್ಲಿ ಪರದೆಯಿಂದ ಬಣ್ಣ ಹೆಕ್ಕುವ ಡ್ರಾಪರನ್ನು ಮೊದಲು ಅಕ್ಷರದ ಮೇಲೆ, ಆಮೇಲೆ ಹಿನ್ನೆಲೆಯ ಮೇಲೆ ಒತ್ತಿದರೆ ಅನುಪಾತ ತೋರಿಸುತ್ತದೆ. `#FF0000` ಎಂಬಂಥ ಬಣ್ಣದ ಸಂಖ್ಯೆ ನಿಮಗೆ ಗೊತ್ತಿದ್ದರೆ ವೆಬ್‌ಏಮ್ ಸಂಸ್ಥೆಯ ಪುಟದಲ್ಲಿ ಎರಡು ಸಂಖ್ಯೆಗಳನ್ನು ಟೈಪು ಮಾಡಿದರೂ ಸಾಕು.

ನಮ್ಮ ಬ್ಯಾನರಿನಲ್ಲಿ ಅಕ್ಷರದ ಕೆಂಪು `#FF0000`, ಸೀರೆಯ ಹಸಿರು `#008000`ಕ್ಕೆ ಬಹಳ ಹತ್ತಿರ. ಅನುಪಾತ ಬಂದದ್ದು 1.28:1. ನೋಡುವವರಿಗೆ ಕಣ್ಣಿಗೆ ಹೊಡೆಯುವಂತೆ ಕಂಡ ಬಣ್ಣಗಳು ಹೀಗೇಕೆ ಸೋತವು ಎಂದರೆ, ಕೆಂಪು ಮತ್ತು ಹಸಿರು ಬೇರೆ ಬೇರೆ ಬಣ್ಣಗಳೇ ಹೊರತು ಅವುಗಳ ಬೆಳಕು ಹೆಚ್ಚುಕಡಿಮೆ ಒಂದೇ. ಕೆಂಪು-ಹಸಿರು ಗುರುತಿಸಲು ಕಷ್ಟಪಡುವವರಿಗೆ ಆ ಸಾಲು ಸೀರೆಯಲ್ಲೇ ಕರಗಿಹೋಗುತ್ತದೆ. ಬಿಸಿಲಿನಲ್ಲಿ ಬಸ್ಸಿಗೆ ಕಾಯುತ್ತ ಮೊಬೈಲು ನೋಡುವವರಿಗೂ ಅದು ಸುಲಭವಾಗಿ ಕಾಣದು.

ಸರಿ, ಅಕ್ಷರವನ್ನು ಬಿಳಿ ಮಾಡೋಣ ಎಂದುಕೊಂಡೆವು. ಅದೇ ಹಸಿರಿನ ಮೇಲೆ ಬಿಳಿಯ ಅನುಪಾತ 5.14:1, ಅಂದರೆ ಪಾಸು. ಆದರೆ ಫೋಟೊದಲ್ಲಿ ಹಿನ್ನೆಲೆ ಎಲ್ಲ ಕಡೆಯೂ ಒಂದೇ ಬಣ್ಣದ್ದಾಗಿರುವುದಿಲ್ಲ ಎಂಬುದನ್ನು ಅನೇಕರು ಮರೆಯುತ್ತಾರೆ. ಸೀರೆಯ ಮಡಿಕೆಯ ಮೇಲೆ ಬೆಳಕು ಬಿದ್ದ ಜಾಗದಲ್ಲಿ ಡ್ರಾಪರ್ ಒತ್ತಿದಾಗ ಸಿಕ್ಕ ಬಣ್ಣ `#7FB77F`, ಅದರ ಮೇಲೆ ಬಿಳಿ ಅಕ್ಷರಕ್ಕೆ ಬರೀ 2.3:1. ‘ರಿಯಾಯಿತಿ’ ಎಂಬ ಪದದ ಮೊದಲ ಎರಡು ಅಕ್ಷರ ಓದಿಸುತ್ತಿದ್ದವು, ಮೂರನೆಯದು ಮಡಿಕೆಯ ಹೊಳಪಿನಲ್ಲಿ ಅಳಿಸಿಹೋಗುತ್ತಿತ್ತು. ಫೋಟೊದ ಮೇಲೆ ಬರಹವಿದ್ದಾಗ ಸರಾಸರಿ ಬಣ್ಣವನ್ನಾಗಲಿ ಅನುಕೂಲದ ಜಾಗವನ್ನಾಗಲಿ ಅಳೆಯಬೇಡಿ. ಅಕ್ಷರದ ಸುತ್ತ ಅತ್ಯಂತ ಕೆಟ್ಟ ಜಾಗ ಯಾವುದೋ ಅದನ್ನೇ ಹುಡುಕಿ ಅಳೆಯಿರಿ. ಬಿಳಿ ಅಕ್ಷರಕ್ಕೆ ಅತಿ ತಿಳಿಯಾದ ಜಾಗ, ಕಪ್ಪು ಅಕ್ಷರಕ್ಕೆ ಅತಿ ಗಾಢವಾದ ಜಾಗ.

ಇದಕ್ಕೆ ಎರಡು ಪರಿಹಾರಗಳಿವೆ. ಮೊದಲನೆಯದು, ಫೋಟೊಕ್ಕೂ ಅಕ್ಷರಕ್ಕೂ ನಡುವೆ ಅರೆಪಾರದರ್ಶಕವಾದ ಕಪ್ಪು ಪದರವೊಂದನ್ನು ಹಾಸುವುದು. ಆ ಪದರ ಎಷ್ಟು ಗಾಢವಾಗಿರಬೇಕು ಎಂಬುದನ್ನು ಲೆಕ್ಕ ಹಾಕಿಯೇ ಹೇಳಬಹುದು. ಫೋಟೊದ ಅತಿ ಕೆಟ್ಟ ಜಾಗ ಪೂರ್ತಿ ಬಿಳಿ ಎಂದೇ ಇಟ್ಟುಕೊಳ್ಳಿ. ಶೇ 50ರ ಕಪ್ಪು ಪದರ ಅದನ್ನು `#808080` ಬೂದು ಬಣ್ಣಕ್ಕೆ ಇಳಿಸುತ್ತದೆ, ಅದರ ಮೇಲೆ ಬಿಳಿ ಅಕ್ಷರಕ್ಕೆ 3.95:1, ಸಣ್ಣ ಅಕ್ಷರಕ್ಕೆ ಸಾಲದು. ಶೇ 60ರ ಪದರ ಹಾಕಿದರೆ ಅದು `#666666` ಆಗಿ ಅನುಪಾತ 5.74:1ಕ್ಕೆ ಏರುತ್ತದೆ. ಹಾಗಾಗಿ ಶೇ 60 ಎಂದು ಒಮ್ಮೆ ನಿಗದಿ ಮಾಡಿಕೊಂಡರೆ ಯಾವ ಫೋಟೊ ಬಂದರೂ ಬಿಳಿ ಅಕ್ಷರ ಓದಿಸುತ್ತದೆ. ಆದರೆ ಸೀರೆಯ ವ್ಯಾಪಾರಕ್ಕೆ ಇದು ಒಗ್ಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಬಣ್ಣವನ್ನು ನಂಬಿ ಕೊಳ್ಳುವ ವಸ್ತುವಿನ ಮೇಲೆ ಕಪ್ಪು ಎಳೆದರೆ ಸೀರೆಯ ನಿಜವಾದ ಬಣ್ಣವೇ ತಪ್ಪಿಹೋಗುತ್ತದೆ.

ಎರಡನೆಯದು ನಾವು ಮಾಡಿದ್ದು. ಫೋಟೊವನ್ನು ಹಾಗೆಯೇ ಬಿಟ್ಟು, ಅದರ ಕೆಳಗೆ `#800000` ಬಣ್ಣದ ಒಂದು ಪಟ್ಟಿ ಕೊಟ್ಟು, ಬರಹವನ್ನು ಆ ಪಟ್ಟಿಯೊಳಗೆ ಇಟ್ಟೆವು. ಈ ಗಾಢ ಕುಂಕುಮದ ಬಣ್ಣ ಸೀರೆಯ ಅಂಚಿಗೂ ಹೊಂದುತ್ತದೆ. ಅದರ ಮೇಲೆ ಬಿಳಿ ಅಕ್ಷರಕ್ಕೆ ಸುಮಾರು 11:1, ಅರಿಸಿನ ಬಣ್ಣದ `#FFC107` ಅಕ್ಷರಕ್ಕೆ 6.7:1. ಹಬ್ಬದ ಕಳೆಯೂ ಉಳಿಯಿತು. ಇದೇ ಅರಿಸಿನವನ್ನು ಹಿನ್ನೆಲೆ ಮಾಡಿ ಬಿಳಿ ಅಕ್ಷರ ಬರೆಯುವವರು ಬಹಳ ಮಂದಿ. ಅದರ ಅನುಪಾತ 1.63:1 ಮಾತ್ರ. ಅರಿಸಿನದ ಮೇಲೆ ಬರೆಯಲೇಬೇಕಿದ್ದರೆ ಕಪ್ಪಿನಲ್ಲಿ ಬರೆಯಿರಿ, ಆಗ ಅದು ಸುಮಾರು 12.9:1 ಆಗುತ್ತದೆ.

ಎಲ್ಲ ಮುಗಿದ ಮೇಲೆ ಕ್ರೋಮ್ ಬ್ರೌಸರಿನ ಡೆವಲಪರ್ ಟೂಲ್ಸ್ ತೆರೆದು, `Rendering` ಎಂಬಲ್ಲಿ `Emulate vision deficiencies` ಆಯ್ದು ಒಮ್ಮೆ ನೋಡಿ. ಬಣ್ಣ ಗುರುತಿಸಲಾಗದವರಿಗೆ ನಿಮ್ಮ ಬ್ಯಾನರ್ ಹೇಗೆ ಕಾಣಬಹುದು ಎಂಬ ಅಂದಾಜು ಅಲ್ಲಿ ಸಿಗುತ್ತದೆ.

## ಅಕ್ಷರದ ಗಾತ್ರ: ಮೊಬೈಲಿನಲ್ಲಿ ಮೂರನೇ ಒಂದು ಪಾಲು

ಬ್ಯಾನರನ್ನು ನಾವು ಸಾಮಾನ್ಯವಾಗಿ 1080 ಪಿಕ್ಸೆಲ್ ಅಗಲಕ್ಕೆ ಮಾಡುತ್ತೇವೆ. ಅದು ಬ್ರೌಸರಿನ ಲೆಕ್ಕದಲ್ಲಿ 360 ಪಿಕ್ಸೆಲ್ ಅಗಲವಿರುವ ಮೊಬೈಲಿನಲ್ಲಿ ಕಾಣುವಾಗ ಮೂರನೇ ಒಂದು ಪಾಲಿಗೆ ಇಳಿಯುತ್ತದೆ. ನಮ್ಮ ಷರತ್ತಿನ ಸಾಲು ವಿನ್ಯಾಸದಲ್ಲಿ 30 ಪಿಕ್ಸೆಲ್ ಇತ್ತು. ಗ್ರಾಹಕರ ಕೈಯಲ್ಲಿ ಅದು 10 ಪಿಕ್ಸೆಲ್ ಆಗಿತ್ತು. ಓದಲು ಸಾಧಾರಣವೆನಿಸುವ 16 ಪಿಕ್ಸೆಲ್ ಬೇಕೆಂದರೆ ವಿನ್ಯಾಸದಲ್ಲಿ 48 ಇರಬೇಕು. ದೊಡ್ಡ ಅಕ್ಷರಕ್ಕಿರುವ 3:1ರ ರಿಯಾಯಿತಿಯನ್ನು ಬಳಸಿಕೊಳ್ಳಬೇಕೆಂದರೆ 72 ಇರಬೇಕು. ವಿನ್ಯಾಸದ ಗಾತ್ರ ನೋಡಿ ‘ಇದು ದೊಡ್ಡ ಅಕ್ಷರ’ ಎಂದು ತೀರ್ಮಾನಿಸುವುದು ನಾನು ಕಂಡ ಅತಿ ಸಾಮಾನ್ಯ ತಪ್ಪು.

ಕನ್ನಡಕ್ಕೆ ಇದು ಇನ್ನಷ್ಟು ಮುಖ್ಯ. ದ-ಧ, ಡ-ಢ, ಪ-ಫ, ಬ-ಭ ಇವುಗಳ ನಡುವಿನ ವ್ಯತ್ಯಾಸವೆಲ್ಲ ಕೆಳಗಿನ ಒಂದು ಸಣ್ಣ ಗೀರಿನಲ್ಲಿದೆ, ಅಕ್ಷರ ಕುಗ್ಗಿದಾಗ ಮೊದಲು ಮಾಯವಾಗುವುದೇ ಆ ಗೀರು. ಒತ್ತಕ್ಷರಗಳು ಸಾಲಿನ ಕೆಳಕ್ಕೆ ಇಳಿಯುತ್ತವೆ, ‘ಸ್ತ್ರೀ’, ‘ರಾಷ್ಟ್ರ’ ಮುಂತಾದ ಪದಗಳಲ್ಲಿ ಎರಡೆರಡು ಒತ್ತುಗಳಿರುತ್ತವೆ. ಆದ್ದರಿಂದ ತೆಳುವಾದ ಫಾಂಟ್ ಬೇಡ, ಸಾಲುಗಳ ನಡುವೆ ಅಕ್ಷರದ ಗಾತ್ರದ 1.6 ಪಟ್ಟಾದರೂ ಎತ್ತರ ಕೊಡಿ, ಬರಹದ ಪೆಟ್ಟಿಗೆಗೆ ಎತ್ತರವನ್ನು ಬಿಗಿಯಾಗಿ ನಿಗದಿ ಮಾಡಬೇಡಿ. ಬಿಗಿ ಮಾಡಿದರೆ ಕೊನೆಯ ಸಾಲಿನ ಒತ್ತುಗಳು ಕತ್ತರಿಸಿಹೋಗುತ್ತವೆ. ಇಂಗ್ಲಿಷ್ ಬರಹಕ್ಕೆಂದು ಮಾಡಿದ ಥೀಮುಗಳಲ್ಲಿ ಇದನ್ನು ನಾನು ಪದೇ ಪದೇ ಕಂಡಿದ್ದೇನೆ. ಅಕ್ಷರಗಳ ನಡುವೆ ಅಂತರ ಹೆಚ್ಚಿಸುವ ಸೆಟ್ಟಿಂಗನ್ನೂ ಕನ್ನಡಕ್ಕೆ ಸೊನ್ನೆಯಲ್ಲಿಡಿ.

## ಆಲ್ಟ್ ಟೆಕ್ಸ್ಟ್ ಬರೆಯುವುದು

ಚಿತ್ರ ಕಾಣದವರಿಗೆ ಸ್ಕ್ರೀನ್ ರೀಡರ್ ಓದಿ ಹೇಳುವ ಬರಹವೇ ಆಲ್ಟ್ ಟೆಕ್ಸ್ಟ್. ನಿಧಾನ ನೆಟ್‌ವರ್ಕಿನಲ್ಲಿ ಚಿತ್ರ ಬಾರದೆ ಹೋದಾಗಲೂ ಅದೇ ಕಾಣಿಸುತ್ತದೆ. ಶಾಪಿಫೈನಲ್ಲಿ ಉತ್ಪನ್ನದ ಚಿತ್ರವನ್ನು ತೆರೆದರೆ, ವೂಕಾಮರ್ಸ್‌ನಲ್ಲಿ ಮೀಡಿಯಾ ಲೈಬ್ರರಿಯಲ್ಲಿ `Alternative Text` ಎಂಬ ಜಾಗದಲ್ಲಿ ಅದನ್ನು ಬರೆಯಬಹುದು.

ಬರೆಯುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಪುಟದಲ್ಲಿ ಈ ಚಿತ್ರದ ಕೆಲಸವೇನು? ಬ್ಯಾನರಿನ ಕೆಲಸ ರಿಯಾಯಿತಿಯ ಸುದ್ದಿ ಹೇಳಿ, ಒತ್ತಿದವರನ್ನು ಸೀರೆಗಳ ಪುಟಕ್ಕೆ ಕರೆದೊಯ್ಯುವುದು. ಅಲ್ಲಿ ಸೀರೆಯ ವರ್ಣನೆಯ ಅಗತ್ಯವಿಲ್ಲ. ಆದ್ದರಿಂದ ನಾವು ಬರೆದದ್ದು ಇಷ್ಟೇ: ‘ದಸರಾ ರಿಯಾಯಿತಿ: ಇಳಕಲ್ ಸೀರೆಗಳಿಗೆ ಶೇಕಡಾ 20 ಕಡಿತ. ಸೀರೆಗಳನ್ನು ನೋಡಿ.’ ಚಿತ್ರದಲ್ಲಿ ‘ಶೇ’ ಎಂದಿದ್ದರೂ ಇಲ್ಲಿ ‘ಶೇಕಡಾ’ ಎಂದು ಬಿಡಿಸಿ ಬರೆದದ್ದು ಕಿವಿಗಾಗಿ.

ಉತ್ಪನ್ನದ ಚಿತ್ರದ ಕೆಲಸ ಬೇರೆ. ಅಂಗಡಿಗೆ ಬಂದವರು ಸೀರೆಯನ್ನು ಬಿಡಿಸಿ ನೋಡುವುದಕ್ಕೆ ಬದಲಾಗಿ ಅದು ನಿಂತಿದೆ. ನಮ್ಮ ಹಸಿರು ಸೀರೆಗೆ ಮೊದಲು ‘ಸೀರೆ’ ಎಂದಷ್ಟೇ ಇತ್ತು. ಆಮೇಲೆ ಯಾರೋ ಹುಡುಕಾಟದಲ್ಲಿ ಮೇಲೆ ಬರಲೆಂದು ‘ಇಳಕಲ್ ಸೀರೆ, ಕಡಿಮೆ ಬೆಲೆ ಸೀರೆ, ಆನ್‌ಲೈನ್ ಸೀರೆ ಖರೀದಿ’ ಎಂದು ತುಂಬಿಸಿದ್ದರು. ಮೊದಲನೆಯದು ಏನನ್ನೂ ಹೇಳುವುದಿಲ್ಲ, ಎರಡನೆಯದು ಕೇಳುವವರ ಸಮಯ ತಿನ್ನುತ್ತದೆ. ಈಗ ಆ ಸೀರೆಗೆ ಮೂರು ಚಿತ್ರಗಳಿವೆ, ಮೂರಕ್ಕೂ ಬೇರೆ ಬೇರೆ ಬರಹವಿದೆ:

‘ಹಸಿರು ಒಡಲಿನ ಇಳಕಲ್ ಸೀರೆ, ಗಾಢ ಕುಂಕುಮ ಬಣ್ಣದ ಅಗಲ ಅಂಚು, ಕೆಂಪು ಸೆರಗು.’

‘ಸೆರಗನ್ನು ಪೂರ್ತಿ ಹರಡಿರುವ ನೋಟ: ಕೆಂಪು ನೆಲದ ಮೇಲೆ ಅಡ್ಡ ಸಾಲುಗಳಲ್ಲಿ ಬಿಳಿಯ ತೆನೆ ವಿನ್ಯಾಸ.’

‘ಅಂಚಿನ ಹತ್ತಿರದ ನೋಟ: ಚಿಕ್ಕಿ ಪರಸ್ ವಿನ್ಯಾಸ, ಒಡಲಿನ ಹತ್ತಿ ನೂಲಿನ ನೇಯ್ಗೆ ಕಾಣುತ್ತದೆ.’

ಮೂರರಲ್ಲೂ ‘ಚಿತ್ರ’ ಅಥವಾ ‘ಫೋಟೊ’ ಎಂಬ ಪದವಿಲ್ಲ. ಇದು ಚಿತ್ರ ಎಂದು ಸ್ಕ್ರೀನ್ ರೀಡರ್ ತಾನೇ ಹೇಳುತ್ತದೆ. ಬಣ್ಣದ ಹೆಸರನ್ನು ಬಿಡದಿರಲು ಕಾರಣವಿದೆ. ಹುಟ್ಟಿನಿಂದ ಕಣ್ಣು ಕಾಣದವರಿಗೆ ಬಣ್ಣವೇಕೆ ಎಂದು ಕೆಲವರು ಕೇಳುತ್ತಾರೆ. ಅವರೂ ಸೀರೆ ಉಡುತ್ತಾರೆ, ಹಸಿರಿಗೆ ಯಾವ ರವಿಕೆ ಒಪ್ಪುತ್ತದೆ ಎಂದು ತಿಳಿದಿರುತ್ತಾರೆ, ತಂಗಿಯ ಸೀಮಂತಕ್ಕೆ ಹಸಿರು ಸೀರೆಯನ್ನೇ ಹುಡುಕಿ ಕೊಳ್ಳುತ್ತಾರೆ. ಮೇಲಾಗಿ ಸ್ಕ್ರೀನ್ ರೀಡರ್ ಬಳಸುವವರಲ್ಲಿ ನಡುವಯಸ್ಸಿನಲ್ಲಿ ದೃಷ್ಟಿ ಕಳೆದುಕೊಂಡವರೂ ಇದ್ದಾರೆ, ಅಲ್ಪಸ್ವಲ್ಪ ಕಾಣುವವರೂ ಇದ್ದಾರೆ.

ಬರೀ ಅಲಂಕಾರಕ್ಕಿರುವ ತೋರಣ, ರಂಗೋಲಿ ಎಳೆಗಳಂಥ ಚಿತ್ರಗಳಿಗೆ `alt=""` ಎಂದು ಖಾಲಿ ಬಿಡಿ, ಆಗ ಓದುವ ದನಿ ಅವನ್ನು ದಾಟಿ ಹೋಗುತ್ತದೆ. ಖಾಲಿ ಬಿಡುವುದಕ್ಕೂ `alt` ಅನ್ನೇ ಬರೆಯದಿರುವುದಕ್ಕೂ ವ್ಯತ್ಯಾಸವಿದೆ. ಬರೆಯದೇ ಇದ್ದರೆ ಫೈಲಿನ ಹೆಸರು ಓದುವ, ನಮ್ಮ ಗ್ರಾಹಕಿಗೆ ಆದಂಥ ಸ್ಥಿತಿ ಬರಬಹುದು.

ಕನ್ನಡದಲ್ಲಿ ಬರೆಯುವವರಿಗೆ ಎರಡು ಎಚ್ಚರಿಕೆಗಳು. ಡಿಟಿಪಿ ಮಾಡುವವರು ಕೊಟ್ಟ, ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಫೈಲಿನಿಂದ ನಕಲು ಮಾಡಿದ ಪಠ್ಯ ಯೂನಿಕೋಡ್ ಆಗಿಲ್ಲದಿದ್ದರೆ, ‘ಕನ್ನಡ’ ಎಂಬ ಪದವೇ `PÀ£ÀßqÀ` ಎಂದು ಉಳಿಯುತ್ತದೆ. ಆಲ್ಟ್ ಟೆಕ್ಸ್ಟ್ ಪುಟದಲ್ಲಿ ಕಾಣದ ಕಾರಣ ಈ ತಪ್ಪು ತಿಂಗಳುಗಟ್ಟಲೆ ಯಾರ ಗಮನಕ್ಕೂ ಬಾರದೆ ಇರಬಹುದು. ಎರಡನೆಯದು, ಅಂಗಡಿಯ ಪುಟ ಇಂಗ್ಲಿಷಿನಲ್ಲಿದ್ದು ಚಿತ್ರದ ಬರಹ ಮಾತ್ರ ಕನ್ನಡದಲ್ಲಿದ್ದರೆ, ಭಾಷೆಯನ್ನು `lang="kn"` ಎಂದು ಸೂಚಿಸಿ. ಇಲ್ಲದಿದ್ದರೆ ಇಂಗ್ಲಿಷ್ ದನಿಯೇ ಕನ್ನಡವನ್ನು ಓದಲು ಹೋಗಿ ತೊದಲಬಹುದು ಅಥವಾ ಸುಮ್ಮನಾಗಬಹುದು.

## ಚಿತ್ರದ ಅಡಿಬರಹ

ಆಲ್ಟ್ ಟೆಕ್ಸ್ಟ್ ಕಾಣದವರಿಗೆ ಮಾತ್ರ, ಅಡಿಬರಹ ಎಲ್ಲರಿಗೂ. ಆದ್ದರಿಂದ ಒಂದನ್ನೇ ಎರಡೂ ಕಡೆ ಹಾಕಬೇಡಿ, ಹಾಕಿದರೆ ಕೇಳುವವರು ಒಂದೇ ಮಾತನ್ನು ಎರಡು ಬಾರಿ ಕೇಳಬೇಕಾಗುತ್ತದೆ. ಚಿತ್ರ ಏನನ್ನು ತೋರಿಸುತ್ತದೆಯೋ ಅದು ಆಲ್ಟ್‌ಗೆ. ಚಿತ್ರ ತೋರಿಸಲಾರದ ಅಳತೆ, ಬಟ್ಟೆ, ಬೆಲೆ, ಷರತ್ತು ಅಡಿಬರಹಕ್ಕೆ.

```html
<figure lang="kn">
  <img src="hasiru-ilkal-1.jpg"
    alt="ಹಸಿರು ಒಡಲಿನ ಇಳಕಲ್ ಸೀರೆ, ಗಾಢ ಕುಂಕುಮ ಬಣ್ಣದ ಅಗಲ ಅಂಚು, ಕೆಂಪು ಸೆರಗು.">
  <figcaption>ಹತ್ತಿ ಒಡಲು, ರೇಷ್ಮೆ ಸೆರಗು.
    ಮೊದಲ ಬೆಲೆ ₹2,400, ಈಗ ₹1,920.</figcaption>
</figure>
```

ಬೆಲೆಯ ಸಾಲನ್ನು ಹೀಗೆ ಬರೆದದ್ದಕ್ಕೆ ಕಾರಣವಿದೆ. ಹಳೆಯ ಬೆಲೆಯನ್ನು ತಿಳಿ ಬೂದು ಬಣ್ಣದಲ್ಲಿಟ್ಟು ಅಡ್ಡಗೆರೆ ಎಳೆಯುವುದು ಎಲ್ಲ ಅಂಗಡಿಗಳ ರೂಢಿ. ಆದರೆ ಅಡ್ಡಗೆರೆಯನ್ನು ಸ್ಕ್ರೀನ್ ರೀಡರುಗಳು ಬಹುಪಾಲು ಹೇಳುವುದೇ ಇಲ್ಲ, ಕೇಳುವವರ ಕಿವಿಗೆ ಎರಡು ಬೆಲೆಗಳು ಒಂದರ ಹಿಂದೊಂದು ಬೀಳುತ್ತವೆ, ಯಾವುದನ್ನು ಕೊಡಬೇಕು ಎಂದು ತಿಳಿಯುವುದಿಲ್ಲ. ‘ಮೊದಲ ಬೆಲೆ’, ‘ಈಗ’ ಎಂಬ ಎರಡು ಪದಗಳು ಆ ಗೊಂದಲವನ್ನು ಕಳೆಯುತ್ತವೆ. ಬಿಳಿಯ ಮೇಲೆ `#999999` ಬೂದು ಬಣ್ಣದ ಅನುಪಾತ 2.85:1, ಅದು ಸಾಲದು. `#595959` ಇಟ್ಟರೆ 7:1 ಸಿಗುತ್ತದೆ, ಹೊಸ ಬೆಲೆಗಿಂತ ಮಂದವಾಗಿಯೂ ಕಾಣುತ್ತದೆ. ಅಡಿಬರಹದ ಗಾತ್ರ 16 ಪಿಕ್ಸೆಲ್‌ಗಿಂತ ಕೆಳಗೆ ಇಳಿಯದಿರಲಿ.

ವಾಟ್ಸಾಪಿನಲ್ಲಿ ಪೋಸ್ಟರ್ ಹಂಚುವಾಗ ಚಿತ್ರದ ಜೊತೆಗಿನ ಬರಹವೇ ಆಲ್ಟ್ ಟೆಕ್ಸ್ಟಿನ ಕೆಲಸವನ್ನೂ ಮಾಡಬೇಕು. ಅಲ್ಲಿ ಪೋಸ್ಟರಿನಲ್ಲಿರುವ ಪ್ರತಿ ಮಾತನ್ನೂ ಬರಹದಲ್ಲಿ ಇನ್ನೊಮ್ಮೆ ಟೈಪು ಮಾಡಿ.

## ಕೊನೆಯ ಪರೀಕ್ಷೆ

ಪುಟಗಳನ್ನು ತಾವಾಗಿಯೇ ಪರೀಕ್ಷಿಸುವ ಲೈಟ್‌ಹೌಸ್, ಆ್ಯಕ್ಸ್ ಮುಂತಾದ ಸಾಧನಗಳನ್ನು ಓಡಿಸಿ, ಆದರೆ ಅವುಗಳ ಮಿತಿ ತಿಳಿದಿರಲಿ. `alt` ಇಲ್ಲದ ಚಿತ್ರವನ್ನು ಅವು ಹಿಡಿಯುತ್ತವೆ, ‘ಸೀರೆ’ ಎಂದಷ್ಟೇ ಬರೆದ ಚಿತ್ರವನ್ನು ಪಾಸು ಮಾಡಿಬಿಡುತ್ತವೆ. ಪುಟದ ಪಠ್ಯದ ಕಾಂಟ್ರಾಸ್ಟನ್ನು ಅಳೆಯುತ್ತವೆ, ಚಿತ್ರದೊಳಗೆ ಅಚ್ಚಾದ ಅಕ್ಷರವನ್ನು ಅಳೆಯಲಾರವು. ನಮ್ಮ ಹಳೆಯ ಬ್ಯಾನರಿನ ಕೆಂಪು-ಹಸಿರು ಅವುಗಳ ಕಣ್ಣಿಗೆ ಬಿದ್ದಿರಲೇ ಇಲ್ಲ.

ಆದ್ದರಿಂದ ಆಂಡ್ರಾಯ್ಡ್ ಮೊಬೈಲಿನಲ್ಲಿ ಟಾಕ್‌ಬ್ಯಾಕ್ ಎಂಬ ಸ್ಕ್ರೀನ್ ರೀಡರ್ ಆನ್ ಮಾಡಿ, ಓದುವ ದನಿಯನ್ನು ಕನ್ನಡಕ್ಕೆ ಬದಲಿಸಿ, ಪರದೆಯತ್ತ ನೋಡದೆ ನಿಮ್ಮ ಪುಟದಲ್ಲಿ ಬಲಕ್ಕೆ ಒಂದೊಂದೇ ಬಾರಿ ಬೆರಳು ಸರಿಸುತ್ತ ಹೋಗಿ. ರಿಯಾಯಿತಿ ಎಷ್ಟು, ಯಾವ ದಿನದವರೆಗೆ, ಸೀರೆಯ ಸೆರಗು ಎಂಥದ್ದು, ಕೊಡಬೇಕಾದ ಬೆಲೆ ಎಷ್ಟು, ಈ ನಾಲ್ಕಕ್ಕೂ ಕೇಳಿಸಿಕೊಂಡೇ ಉತ್ತರ ಸಿಗಬೇಕು. ನಾವು ಮೊದಲ ಬಾರಿ ಹೀಗೆ ಮಾಡಿದಾಗ ಬೆಲೆಯ ಗೊಂದಲ ಗೊತ್ತಾಯಿತು. ಕಾಗದದ ಮೇಲೆ ಎಷ್ಟು ಓದಿದರೂ ಅದು ಹೊಳೆದಿರಲಿಲ್ಲ.

ಹಬ್ಬ ಮುಗಿದ ಮೇಲೆ ಇನ್ನೊಂದು ಕೆಲಸ ಉಳಿದಿರುತ್ತದೆ. ಬ್ಯಾನರಿನ ಜಾಗಕ್ಕೆ ದೀಪಾವಳಿಯ ಚಿತ್ರ ಹಾಕುವಾಗ ಬಹಳ ಕಡೆ ಚಿತ್ರ ಮಾತ್ರ ಬದಲಾಗಿ ಹಳೆಯ ಆಲ್ಟ್ ಟೆಕ್ಸ್ಟ್ ಹಾಗೆಯೇ ಉಳಿದುಬಿಡುತ್ತದೆ. ಆಗ ಕಾಣುವವರಿಗೆ ಒಂದು ರಿಯಾಯಿತಿ, ಕೇಳುವವರಿಗೆ ಮುಗಿದುಹೋದ ಇನ್ನೊಂದು ರಿಯಾಯಿತಿ. ನಾವು ಈಗ ಚಿತ್ರದ ಫೈಲು, ಆಲ್ಟ್ ಟೆಕ್ಸ್ಟ್, ಅಡಿಬರಹ, ಮುಗಿಯುವ ದಿನ ಈ ನಾಲ್ಕನ್ನೂ ಒಂದೇ ಸ್ಪ್ರೆಡ್‌ಶೀಟಿನ ಒಂದೇ ಸಾಲಿನಲ್ಲಿ ಇಡುತ್ತೇವೆ. ಆ ಸಾಲು ಪೂರ್ತಿಯಾಗಿ ತುಂಬುವವರೆಗೆ ಹೊಸ ಚಿತ್ರವನ್ನು ಪುಟಕ್ಕೆ ಏರಿಸುವುದಿಲ್ಲ.